ಚೆಕ್‌ನಲ್ಲಿ ಫೇಲಾದ ಸ್ಪೆಕ್ಟ್ರೋಫೋಟೋಮೀಟರ್: ಗೈಡ್‌ಗೆ ಬರೆಯುವ ಪತ್ರದಲ್ಲಿ ಏನಿರಬೇಕು?

ಪ್ರಶ್ನೆ: ನಾನು ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಹವೇಲಿ, ಪುರಂದರ ತಾಲೂಕುಗಳ ಬಾವಿ ನೀರಿನಲ್ಲಿ ನೈಟ್ರೇಟ್ (220 ನ್ಯಾನೊಮೀಟರ್‌ನಲ್ಲಿ) ಮತ್ತು ಫಾಸ್ಫೇಟ್ (880ರಲ್ಲಿ) ಅಳೆಯುವ ಕೆಲಸ. ಜುಲೈ 14ರಂದು ನಮ್ಮ ಯುವಿ-ವಿಸಿಬಲ್ ಮಷಿನ್ ಕ್ಯಾಲಿಬ್ರೇಶನ್ ಚೆಕ್‌ನಲ್ಲಿ ಫೇಲ್ ಆಯಿತು. ಲೀಟರಿಗೆ 60.0 ಮಿಗ್ರಾಂ ಪೊಟ್ಯಾಸಿಯಂ ಡೈಕ್ರೋಮೇಟ್‌ಗೆ 235ರಲ್ಲಿ 0.724, 257ರಲ್ಲಿ 0.843, 313ರಲ್ಲಿ 0.291, 350ರಲ್ಲಿ 0.643 ಬಂತು. ಪೊಟ್ಯಾಸಿಯಂ ಕ್ಲೋರೈಡ್ 200ರಲ್ಲಿ 1.71. ತರಂಗಾಂತರ ಸರಿಯೇ ಎಂದು ನೋಡುವ ಹೋಲ್ಮಿಯಂ ಚೆಕ್ ಪಾಸ್. ಆಗಸ್ಟ್‌ನ ಆರ್‌ಎಸಿ, ಅಂದರೆ ಸಂಶೋಧನಾ ಸಲಹಾ ಸಮಿತಿಯ ಮೀಟಿಂಗ್‌ಗೆ ಪೂರ್ತಿ ರಿಸಲ್ಟ್ ಕೊಡಲು ಆಗುವುದಿಲ್ಲ. ಗೈಡ್ ವಿಜಯಪುರದವರು, ನಮ್ಮ ಪತ್ರ ವ್ಯವಹಾರ ಕನ್ನಡದಲ್ಲೇ. "ಮಷಿನ್ ಕೆಟ್ಟಿದೆ ಸರ್" ಎಂದಷ್ಟೇ ಬರೆದರೆ ನೆಪ ಹೇಳಿದಂತಾಗುತ್ತದೆ. ಏನು ಬರೆಯಲಿ?

ಉತ್ತರ: ನಿಮ್ಮ ಗೈಡ್‌ಗೆ ಬೇಕಾಗಿರುವುದು ಮೂರು ವಿಷಯ: ಯಾವ ಡೇಟಾ ಕೆಟ್ಟಿದೆ, ಯಾವುದು ಉಳಿದಿದೆ, ಈಗ ತಾವು ಏನು ತೀರ್ಮಾನ ಮಾಡಬೇಕು. ಇವಕ್ಕೆ ಉತ್ತರ ನೀವು ಕಳಿಸಿದ ಅಂಕಿಗಳಲ್ಲೇ ಮುಕ್ಕಾಲು ಪಾಲು ಇದೆ. ಅದನ್ನು ಬಿಡಿಸಿಕೊಳ್ಳದೆ ಪತ್ರಕ್ಕೆ ಕೂತರೆ ಹೇಗೆ ಬರೆದರೂ ನೆಪದಂತೆಯೇ ಕಾಣುತ್ತದೆ. ಹಾಗಾಗಿ ಮೊದಲು ಅಂಕಿಗಳನ್ನು ನೋಡೋಣ.

60.0 ಮಿಗ್ರಾಂ ಡೈಕ್ರೋಮೇಟ್‌ಗೆ ಬರಬೇಕಾದದ್ದು 235ರಲ್ಲಿ 0.747, 257ರಲ್ಲಿ 0.867, 313ರಲ್ಲಿ 0.292, 350ರಲ್ಲಿ 0.644. ಫಾರ್ಮಕೋಪಿಯದ ಮಿತಿಯನ್ನು ಈ ಸಾಂದ್ರತೆಗೆ ಲೆಕ್ಕ ಹಾಕಿದರೆ 235ಕ್ಕೆ ಕೆಳಗಿನ ಗೆರೆ 0.737, 257ಕ್ಕೆ 0.857. ಅಂದರೆ ನಿಮ್ಮ ಮೊದಲೆರಡು ಓದುಗಳು ಸುಮಾರು 3 ಶೇಕಡಾ ಕಡಿಮೆ ಬಂದು ಫೇಲ್ ಆಗಿವೆ, ಕೊನೆಯ ಎರಡು ಸರಿಯಾಗಿವೆ. ಎಲ್ಲಿ ಫೇಲ್, ಎಲ್ಲಿ ಪಾಸ್ ಎಂಬ ಈ ಹಂಚಿಕೆಯೇ ಕಾರಣ ಯಾವುದೆಂದು ತೋರಿಸುತ್ತದೆ.

ದ್ರಾವಣ ತೂಗುವಾಗ ಅಥವಾ ಫ್ಲಾಸ್ಕ್ ತುಂಬುವಾಗ ತಪ್ಪಾಗಿದ್ದರೆ ನಾಲ್ಕೂ ಕಡೆ ಒಂದೇ ಪ್ರಮಾಣದಲ್ಲಿ ಇಳಿಯಬೇಕಿತ್ತು, 350ರಲ್ಲಿ 0.625ರ ಹತ್ತಿರ ಬರಬೇಕಿತ್ತು. ಬಂದಿಲ್ಲ. ಹಾಗಾಗಿ "ದ್ರಾವಣ ಸರಿಯಾಗಿ ಮಾಡಿದ್ದೀಯೇನಪ್ಪಾ?" ಎಂಬ ಪ್ರಶ್ನೆಗೆ ನಿಮ್ಮ ಬಳಿ ಈಗಾಗಲೇ ಉತ್ತರ ಇದೆ. ತರಂಗಾಂತರ ಸರಿದಿದ್ದರೆ? ಡೈಕ್ರೋಮೇಟ್‌ನ ಸ್ಪೆಕ್ಟ್ರಮ್‌ನಲ್ಲಿ 257 ಮತ್ತು 350 ಶಿಖರಗಳು, 235 ಮತ್ತು 313 ಕಣಿವೆಗಳು. ಮಷಿನ್ ಒಂದೆರಡು ನ್ಯಾನೊಮೀಟರ್ ಆಚೀಚೆ ಸರಿದರೆ ಶಿಖರದ ಓದು ಇಳಿಯುತ್ತದೆ, ಕಣಿವೆಯದು ಏರುತ್ತದೆ. ನಿಮ್ಮಲ್ಲಿ 235ರ ಕಣಿವೆಯೂ ಇಳಿದಿದೆ, ಹೋಲ್ಮಿಯಂ ಕೂಡ ಪಾಸಾಗಿದೆ. ಅದನ್ನೂ ಕೈಬಿಡಬಹುದು.

ಉಳಿಯುವುದು ಸ್ಟ್ರೇ ಲೈಟ್. 220ಕ್ಕೆ ಸೆಟ್ ಮಾಡಿದಾಗ ಡಿಟೆಕ್ಟರ್‌ಗೆ 220ರ ಬೆಳಕು ಮಾತ್ರ ಬೀಳಬೇಕು. ಜೊತೆಗೆ ಬೇರೆ ತರಂಗಾಂತರದ ಬೆಳಕು ಸ್ವಲ್ಪ ನುಸುಳಿದರೆ, ಅದನ್ನು ಸ್ಯಾಂಪಲ್ ಹೀರಿಕೊಳ್ಳುವುದಿಲ್ಲ. ಮಷಿನ್ ಮಾತ್ರ ಅದನ್ನೂ ಲೆಕ್ಕಕ್ಕೆ ಸೇರಿಸಿ ಅಬ್ಸಾರ್ಬೆನ್ಸ್ ಕಡಿಮೆ ತೋರಿಸುತ್ತದೆ. ಅಬ್ಸಾರ್ಬೆನ್ಸ್ ಹೆಚ್ಚಿದ್ದಷ್ಟೂ ತಪ್ಪು ಹೆಚ್ಚು, ಏಕೆಂದರೆ ಆಗ ದಾಟಿ ಬರುವ ನಿಜವಾದ ಬೆಳಕೇ ಅತ್ಯಲ್ಪ. 1.2 ಶೇಕಡಾ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ 200ರಲ್ಲಿ ಹೆಚ್ಚುಕಡಿಮೆ ಗೋಡೆಯಂತೆ, ಓದು 2.0 ದಾಟಲೇಬೇಕು. ನಿಮ್ಮ 1.71ರ ಅರ್ಥ, ಅಲ್ಲಿ ಸುಮಾರು 2 ಶೇಕಡಾ ಅನ್ಯ ಬೆಳಕಿದೆ ಎಂದು.

ಕಾರಣ ಬಹುತೇಕ ಡ್ಯೂಟೀರಿಯಮ್ ಲ್ಯಾಂಪ್. ಅದಕ್ಕೆ ವಯಸ್ಸಾದಂತೆ ಕಿರು ತರಂಗಾಂತರದ ಬೆಳಕು ಮೊದಲು ಬತ್ತುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಆದ್ದರಿಂದ ನುಸುಳುವ ಬೆಳಕಿನ ಪಾಲು ಏರುತ್ತದೆ. ಮೆನುವಿನಲ್ಲಿ ಲ್ಯಾಂಪ್ ಓಡಿದ ಗಂಟೆ ನೋಡಿ. ಸಾಮಾನ್ಯ ಡ್ಯೂಟೀರಿಯಮ್ ಲ್ಯಾಂಪ್‌ನ ಆಯಸ್ಸು 1000 ಗಂಟೆಯ ಆಸುಪಾಸು. ಇನ್ನೊಂದು ಸಾಧ್ಯತೆ, ಒಳಗಿನ ಕನ್ನಡಿಗಳ ಮೇಲೆ ಮಸುಕು ಕೂತಿರುವುದು. ಪುಣೆಯ ಮಳೆಗಾಲದಲ್ಲಿ ಎಸಿ ಬಂದ್ ಮಾಡಿಟ್ಟ ರೂಮಿನಲ್ಲಿ ಅದು ಅಪರೂಪವೇನಲ್ಲ. ಇವೆರಡರಲ್ಲಿ ಯಾವುದೆಂದು ಹೊಸ ಲ್ಯಾಂಪ್ ಹಾಕಿ ನೋಡಿದ ಮೇಲೆ ಮಾತ್ರ ಖಾತ್ರಿಯಾಗುತ್ತದೆ. ಪತ್ರದಲ್ಲಿ ಅದನ್ನು ಹಾಗೆಯೇ ಬರೆಯಿರಿ.

ಪತ್ರಕ್ಕೆ ಮುಂಚೆ ಲ್ಯಾಬಿನಲ್ಲಿ ಎರಡು ಸಣ್ಣ ಕೆಲಸ ಉಳಿದಿವೆ. ಮೊದಲನೆಯದು ಕ್ಯುವೆಟ್. ಚೆಕ್ ಮಾಡಿದ್ದು ಕ್ವಾರ್ಟ್ಜ್ ಕ್ಯುವೆಟ್‌ನಲ್ಲೇ ಎಂದು ಖಚಿತ ಮಾಡಿಕೊಳ್ಳಿ. ಗಾಜಿನ ಕ್ಯುವೆಟ್ ಜೋಡಿ ಕ್ವಾರ್ಟ್ಜ್ ಡಬ್ಬಿಗೆ ಸೇರಿಕೊಂಡಿದ್ದರೆ ಯುವಿ ಬೆಳಕನ್ನು ಅದೇ ನುಂಗಿ, ಥೇಟ್ ಇದೇ ಲಕ್ಷಣ ತೋರಿಸುತ್ತದೆ. ನೀರು ತುಂಬಿದ ಕ್ಯುವೆಟ್ಟನ್ನು ಗಾಳಿಗೆ ಎದುರಾಗಿ 220ರಲ್ಲಿ ಓದಿ: ಕ್ವಾರ್ಟ್ಜ್ ಆದರೆ 0.1ರ ಆಸುಪಾಸು, ಗಾಜಾದರೆ ಓದು ಎಲ್ಲೋ ಮೇಲಕ್ಕೆ ಹೋಗಿರುತ್ತದೆ. ಹಾಗೆಯೇ ರೆಫರೆನ್ಸ್ ಮತ್ತು ಸ್ಯಾಂಪಲ್ ಕ್ಯುವೆಟ್ ಅದಲುಬದಲು ಮಾಡಿ ಡೈಕ್ರೋಮೇಟ್ ಇನ್ನೊಮ್ಮೆ ಓದಿ, ರೆಫರೆನ್ಸ್ ಕ್ಯುವೆಟ್ ಕೊಳಕಾಗಿದ್ದರೂ ಓದು ಇಳಿಯುತ್ತದೆ.

ಎರಡನೆಯದು, ನಿಮ್ಮದೇ ತರಂಗಾಂತರದಲ್ಲಿ ಸ್ಟ್ರೇ ಲೈಟ್ ಎಷ್ಟಿದೆ ಎಂದು ಅಳೆಯುವುದು. ಕ್ಲೋರೈಡ್ ಹೇಳುವುದು 200ರ ವಿಷಯ, ನಿಮಗೆ ಬೇಕಿರುವುದು 220. ಲೀಟರಿಗೆ 10 ಗ್ರಾಂ ಸೋಡಿಯಂ ಅಯೋಡೈಡ್, ತಾಜಾ ಮಾಡಿದ್ದು, ನೀರಿನ ಎದುರು 220ರಲ್ಲಿ ಓದಿ. ಉದಾಹರಣೆಗೆ 1.83 ಬಂದರೆ ಸ್ಟ್ರೇ ಲೈಟ್ 1.5 ಶೇಕಡಾ. ಮುಂದಿನ ಲೆಕ್ಕವನ್ನು ಆ ಅಂಕಿ ಹಿಡಿದೇ ಮಾಡುತ್ತೇನೆ, ನಿಮ್ಮದು ಬೇರೆ ಬಂದರೆ ಈ ಸೂತ್ರದಲ್ಲಿ ಹಾಕಿಕೊಳ್ಳಿ. ಇಲ್ಲಿ T ಎಂದರೆ ನಿಜವಾದ ಟ್ರಾನ್ಸ್‌ಮಿಟೆನ್ಸ್, s ಎಂದರೆ ಸ್ಟ್ರೇ ಲೈಟ್‌ನ ಪಾಲು (1.5 ಶೇಕಡಾ ಆದರೆ 0.015).

```
A = log10((1 + s) / (T + s))
```

ನೈಟ್ರೇಟ್ ಕರ್ವ್‌ನಲ್ಲಿ ಲೀಟರಿಗೆ 1 ಮಿಗ್ರಾಂ ನೈಟ್ರೇಟ್-ನೈಟ್ರೋಜನ್‌ಗೆ 0.25 ಬರುತ್ತಿತ್ತು ಎಂದುಕೊಳ್ಳೋಣ. ಒಂದು ಬಾವಿಯ ನೀರನ್ನು ಎರಡು ಪಟ್ಟು ತೆಳುಮಾಡಿ ಓದಿದ್ದೀರಿ. ತೆಳು ಮಾಡಿದ ನೀರಿನಲ್ಲಿ ನಿಜಕ್ಕೂ 5.6 ಮಿಗ್ರಾಂ ಇದೆ. ಬರಬೇಕಾದ ಓದು 1.40, ಆದರೆ ಈ ಮಷಿನ್ ತೋರಿಸುವುದು 1.268. ಹಳೆಯ ಸ್ಲೋಪ್ ಹಿಡಿದು ಲೆಕ್ಕ ಹಾಕಿದರೆ 5.07 ಮಿಗ್ರಾಂ. ಮೂಲ ನೀರಿಗೆ, ನೈಟ್ರೇಟ್ ಆಗಿ ಬದಲಿಸಿದರೆ, ನಿಜವಾದ 49.6ರ ಬದಲು 44.9. ಕುಡಿಯುವ ನೀರಿಗೆ ಐಎಸ್ 10500ರ ಮಿತಿ 45. ಮಿತಿ ದಾಟಿದ ಬಾವಿಯೊಂದು ನಿಮ್ಮ ಕೋಷ್ಟಕದಲ್ಲಿ ಸುರಕ್ಷಿತ ಎಂದು ಬಂದು ಕೂತಿದೆ. ಪತ್ರದಲ್ಲಿ ಈ ಒಂದು ಉದಾಹರಣೆ ಇದ್ದರೆ ಸಾಕು, ವಿಳಂಬ ಏಕೆ ಎಂದು ಗೈಡ್ ಮತ್ತೆ ಕೇಳುವುದಿಲ್ಲ.

ಹಾಗೆಂದು ಜುಲೈವರೆಗಿನ ಎಲ್ಲ ನೈಟ್ರೇಟ್ ಡೇಟಾ ಬಿಸಾಡಬೇಕಾಗಿಲ್ಲ. ಹೆಚ್ಚಿನ ವಿದ್ಯಾರ್ಥಿಗಳು ಗಾಬರಿಯಲ್ಲಿ ಎಲ್ಲವನ್ನೂ ರದ್ದು ಮಾಡುವುದೋ, ಇಲ್ಲವೇ ಏನೂ ಆಗಿಲ್ಲವೆಂದು ಮುಂದುವರಿಸುವುದೋ ಮಾಡುತ್ತಾರೆ. ನಡುವಿನ ದಾರಿ ನೋಟ್‌ಬುಕ್‌ನಲ್ಲಿದೆ.

ಯಾವಾಗಿನಿಂದ ಕೆಟ್ಟಿದೆ ಎಂಬುದನ್ನು ಮೊದಲು ಗುರುತಿಸಿ. ನಿಯಮದ ಪ್ರಕಾರ, ಹಿಂದಿನ ಚೆಕ್ ಪಾಸ್ ಆದ ದಿನದಿಂದ ಇಂದಿನವರೆಗೆ ಎಲ್ಲವೂ ಅನುಮಾನದ ಪಟ್ಟಿಗೆ ಸೇರುತ್ತದೆ. ಆದರೆ ಪ್ರತಿ ಬ್ಯಾಚ್‌ನಲ್ಲೂ 5 ಮಿಗ್ರಾಂ ಚೆಕ್ ಸ್ಟ್ಯಾಂಡರ್ಡ್ ಓದಿದ್ದರೆ ಆ ಅವಧಿಯನ್ನು ಕಿರಿದು ಮಾಡಬಹುದು. ಅದರ ಹಸಿ ಅಬ್ಸಾರ್ಬೆನ್ಸನ್ನು (ಸಾಂದ್ರತೆಯನ್ನಲ್ಲ) ದಿನಾಂಕದ ಎದುರು ಬರೆದುಕೊಳ್ಳಿ. ಮಾರ್ಚ್‌ನಲ್ಲಿ 1.247, ಏಪ್ರಿಲ್ ಕೊನೆಗೆ 1.243, ಜೂನ್ ಮೊದಲ ವಾರ 1.215, ಜುಲೈನಲ್ಲಿ 1.154 ಎಂದಿದ್ದರೆ ಏಪ್ರಿಲ್‌ವರೆಗೆ ಡೇಟಾ ನೆಟ್ಟಗಿದೆ, ಆಮೇಲೆ ಇಳಿಜಾರು ಶುರುವಾಗಿದೆ. ಮೇ ತಿಂಗಳಲ್ಲಿ ಓದೇ ಇಲ್ಲದಿದ್ದರೆ ಮೇ ಕೂಡ ಅನುಮಾನದ ಪಟ್ಟಿಯಲ್ಲೇ ಇರಲಿ.

ನಂತರ ಅನುಮಾನದ ಸ್ಯಾಂಪಲ್‌ಗಳನ್ನು ಎರಡು ಗುಂಪು ಮಾಡಿ: ಅದೇ ದಿನ, ಅದೇ ಮಷಿನ್‌ನಲ್ಲಿ ಸ್ಟ್ಯಾಂಡರ್ಡ್ ಕರ್ವ್ ಹಾಕಿದವು ಮತ್ತು ಹಳೆಯ ಸ್ಲೋಪ್ ಬಳಸಿ ಲೆಕ್ಕ ಹಾಕಿದವು. ಮೊದಲ ಗುಂಪಿನಲ್ಲಿ ಸ್ಟ್ಯಾಂಡರ್ಡ್‌ಗೂ ಸ್ಯಾಂಪಲ್‌ಗೂ ಒಂದೇ ತಪ್ಪು ತಗುಲಿರುವುದರಿಂದ ಬಹುಪಾಲು ಒಂದಕ್ಕೊಂದು ಹೊಂದಿಕೊಂಡು ಹೋಗುತ್ತದೆ. ಉಳಿಯುವ ತೊಂದರೆ ಕರ್ವ್ ಬಾಗಿರುವುದು. ಮೇಲಿನ ಉದಾಹರಣೆಯಲ್ಲೇ 1, 3, 5, 7 ಮಿಗ್ರಾಂಗೆ 0.245, 0.721, 1.154, 1.491 ಬರುತ್ತದೆ. ಸೊನ್ನೆಯನ್ನೂ ಸೇರಿಸಿ ನೇರ ಗೆರೆ ಹಾಕಿದರೆ ಆರ್-ಸ್ಕ್ವೇರ್ 0.995! ನೋಡಿದವರು ಭೇಷ್ ಅನ್ನುತ್ತಾರೆ. ಆದರೆ ಪ್ರತಿ ಬಿಂದು ಗೆರೆಯಿಂದ ಎಷ್ಟು ಆಚೀಚೆ ಇದೆ ಎಂದು ನೋಡಿದರೆ ಎರಡೂ ತುದಿಗಳು ಗೆರೆಯ ಕೆಳಗೆ, 3 ಮತ್ತು 5 ಮೇಲೆ. ಬಾಗಿದ ಕರ್ವ್‌ನ ಗುರುತೇ ಇದು. ನೇರ ಗೆರೆಯಲ್ಲೇ ಬಿಟ್ಟರೆ 5.6 ಇರುವ ಸ್ಯಾಂಪಲ್ 5.7 ಎಂದು ಬರುತ್ತದೆ, ಅದು ದೊಡ್ಡದಲ್ಲ, 0.5 ಇರುವುದು ಮಾತ್ರ 0.4ರ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ ಈ ಗುಂಪಿಗೆ ಎರಡನೇ ಘಾತದ ಕರ್ವ್ ಹಾಕಿ ಮರುಲೆಕ್ಕ ಮಾಡಿ. ಚೆಕ್ ಸ್ಟ್ಯಾಂಡರ್ಡ್ 10 ಶೇಕಡಾದೊಳಗೆ ಮರಳಿ ಬಂದ ಬ್ಯಾಚ್‌ಗಳನ್ನು ಉಳಿಸಿಕೊಳ್ಳಿ.

ಎರಡನೇ ಗುಂಪನ್ನು ಮೇಲಿನ ಸೂತ್ರದಿಂದಲೇ ತಿದ್ದಿಬಿಡೋಣ ಎಂಬ ಆಸೆ ಹುಟ್ಟುತ್ತದೆ. ಬೇಡ. ಸ್ಟ್ರೇ ಲೈಟ್ ಅಳೆದದ್ದು ಜುಲೈನಲ್ಲಿ, ಸ್ಯಾಂಪಲ್ ಓದಿದ್ದು ಜೂನ್‌ನಲ್ಲಿ. ಆ ದಿನ ಎಷ್ಟಿತ್ತೆಂದು ಯಾರಿಗೂ ಗೊತ್ತಿಲ್ಲ. ಹಾಗೆ ತಿದ್ದಿದ ಅಂಕಿ ವೈವಾದಲ್ಲಿ ನಿಲ್ಲುವುದಿಲ್ಲ.

ಇನ್ನು ಫಾಸ್ಫೇಟ್. 880ರಲ್ಲಿ ಉರಿಯುವುದು ಟಂಗ್‌ಸ್ಟನ್ ಲ್ಯಾಂಪ್, ಡ್ಯೂಟೀರಿಯಮ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಡೈಕ್ರೋಮೇಟ್ 880ರ ಬಗ್ಗೆ ಏನೂ ಹೇಳುವುದಿಲ್ಲ, ಆದ್ದರಿಂದ "ಫಾಸ್ಫೇಟ್ ಸರಿಯಾಗಿದೆ" ಎನ್ನಲು ಫಾಸ್ಫೇಟ್ ಚೆಕ್ ಸ್ಟ್ಯಾಂಡರ್ಡ್‌ನ ಓದುಗಳನ್ನೇ ಸಾಕ್ಷಿಯಾಗಿ ಕೊಡಿ. ಅವು ಸ್ಥಿರವಾಗಿದ್ದರೆ ಆಗಸ್ಟ್ ಮೀಟಿಂಗ್‌ಗೆ ಫಾಸ್ಫೇಟ್ ಅಧ್ಯಾಯ ಪೂರ್ತಿ ಒಯ್ಯಬಹುದು.

ಪತ್ರದಲ್ಲಿ ಜನ ಹೇಳದೆ ಬಿಡುವ, ಆದರೆ ಗೈಡ್‌ಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ನೈಟ್ರೇಟ್ ಸ್ಯಾಂಪಲ್ಲನ್ನು 4 ಡಿಗ್ರಿಯಲ್ಲಿಟ್ಟರೂ 48 ಗಂಟೆಯೊಳಗೆ ಓದಬೇಕು. ಜೂನ್‌ನ ಬಾಟಲಿಗಳು ಫ್ರಿಜ್‌ನಲ್ಲಿದ್ದರೂ ಮತ್ತೆ ಓದಿ ಪ್ರಯೋಜನವಿಲ್ಲ. ಹೊಸದಾಗಿ ನೀರು ತರಬೇಕು. ಈಗ ತರುವುದು ಮಳೆ ಇಳಿದ ಮೇಲಿನ ನೀರು, ಜೂನ್ ಆರಂಭದ ಬತ್ತಿದ ಬಾವಿಯ ನೀರಿಗೆ ಅದನ್ನು ಬದಲಿಯಾಗಿ ಇಡುವಂತಿಲ್ಲ. ಮಷಿನ್ ರಿಪೇರಿ ಮೂರು ವಾರದ ಮಾತು, ಕಳೆದುಕೊಂಡದ್ದು ಒಂದು ಋತು. ಇದನ್ನು ಮುಚ್ಚಿಟ್ಟು "ಮೂರು ವಾರ ವಿಳಂಬ" ಎಂದು ಬರೆದರೆ ಸೆಪ್ಟೆಂಬರ್‌ನಲ್ಲಿ ಎರಡನೇ ಪತ್ರ ಬರೆಯಬೇಕಾಗುತ್ತದೆ, ಆಗ ನಿಜಕ್ಕೂ ಕಷ್ಟ.

ಲ್ಯಾಂಪ್ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಕ್ಯಾಡ್ಮಿಯಂ ಕಾಲಮ್‌ನಲ್ಲಿ ನೈಟ್ರೇಟನ್ನು ನೈಟ್ರೈಟ್ ಮಾಡಿ, ಬಣ್ಣ ಬರಿಸಿ 543ರಲ್ಲಿ ಓದುವ ವಿಧಾನ ಇದೇ ಮಷಿನ್‌ನಲ್ಲಿ, ಟಂಗ್‌ಸ್ಟನ್ ಲ್ಯಾಂಪ್ ಮೇಲೆ ನಡೆಯುತ್ತದೆ. ಕೆಲಸ ನಿಧಾನ, ಕ್ಯಾಡ್ಮಿಯಂ ವಿಷ, ಅದರ ತ್ಯಾಜ್ಯ ಸಿಂಕಿಗೆ ಹೋಗಬಾರದು. ಹಾಗಾಗಿ ಗೈಡ್ ಒಪ್ಪಿಗೆ ಇಲ್ಲದೆ ಶುರು ಮಾಡಬೇಡಿ, ಪತ್ರದಲ್ಲಿ ಕೇಳಿ.

ಮಾದರಿ ಪತ್ರ ಇಲ್ಲಿದೆ. ನೀವು ಕೊಡದ ಅಂಕಿಗಳನ್ನು ನಾನು ಉದಾಹರಣೆಗೆ ತುಂಬಿದ್ದೇನೆ, ನಿಮ್ಮ ನೋಟ್‌ಬುಕ್‌ನಿಂದ ಬದಲಿಸಿಕೊಳ್ಳಿ.

> ದಿನಾಂಕ: ಜುಲೈ 17
>
> ವಿಷಯ: ಜೂನ್-ಜುಲೈ ನೈಟ್ರೇಟ್ ಫಲಿತಾಂಶ ತಡೆಹಿಡಿದಿರುವುದು ಮತ್ತು ತಮ್ಮ ತೀರ್ಮಾನಕ್ಕಾಗಿ ಎರಡು ವಿಷಯ
>
> ಮಾನ್ಯ ಸರ್ ಅವರಿಗೆ ನಮಸ್ಕಾರಗಳು.
>
> ಆಗಸ್ಟ್‌ನ ಆರ್‌ಎಸಿ ಮೀಟಿಂಗ್‌ಗೆ ಫಾಸ್ಫೇಟ್ ಫಲಿತಾಂಶ ಪೂರ್ತಿ ಸಿದ್ಧವಿರುತ್ತದೆ. ನೈಟ್ರೇಟ್‌ನಲ್ಲಿ ಏಪ್ರಿಲ್‌ವರೆಗಿನದು ಮಾತ್ರ ಕೊಡಬಲ್ಲೆ. ಮೇ ತಿಂಗಳಲ್ಲಿ ಸ್ಯಾಂಪಲ್ ತಂದಿರಲಿಲ್ಲ. ಜೂನ್ 1ರಿಂದ ಜುಲೈ 12ರವರೆಗಿನ 46 ಸ್ಯಾಂಪಲ್‌ಗಳ ನೈಟ್ರೇಟ್ ಅಂಕಿಗಳನ್ನು ತಡೆಹಿಡಿದಿದ್ದೇನೆ.
>
> ಜುಲೈ 14ರ ಚೆಕ್‌ನಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಯುವಿ ಭಾಗದಲ್ಲಿ ಫೇಲ್ ಆಗಿದೆ. ಡೈಕ್ರೋಮೇಟ್ ಓದು 235 ಮತ್ತು 257ರಲ್ಲಿ ಸುಮಾರು 3 ಶೇಕಡಾ ಕಡಿಮೆ; 313, 350ರಲ್ಲಿ ಸರಿ. ಪೊಟ್ಯಾಸಿಯಂ ಕ್ಲೋರೈಡ್ 200ರಲ್ಲಿ 1.71 (2.0 ದಾಟಬೇಕು). ಹೋಲ್ಮಿಯಂ ಪಾಸ್. ಹೊಸ ದ್ರಾವಣ ಮಾಡಿ, ಕ್ಯುವೆಟ್ ಅದಲುಬದಲು ಮಾಡಿ ನೋಡಿದರೂ ಇದೇ ಬಂತು. 220ರಲ್ಲಿ ಸ್ಟ್ರೇ ಲೈಟ್ 1.5 ಶೇಕಡಾ ಇದೆ. ಡ್ಯೂಟೀರಿಯಮ್ ಲ್ಯಾಂಪ್ 1340 ಗಂಟೆ ಓಡಿದೆ. ಕಾರಣ ಲ್ಯಾಂಪ್ ಇರಬೇಕು. ಹೊಸದು ಹಾಕಿದ ಮೇಲೆ ಖಚಿತವಾಗುತ್ತದೆ.
>
> ಇದರ ಪರಿಣಾಮ ಹೆಚ್ಚು ನೈಟ್ರೇಟ್ ಇರುವ ಬಾವಿಗಳ ಮೇಲೆ. ಲೀಟರಿಗೆ 49.6 ಮಿಗ್ರಾಂ ಇರುವ ನೀರು 44.9 ಎಂದು ಬರಬಹುದು, ಅಂದರೆ 45ರ ಮಿತಿಯ ಒಳಗೆ. 46ರಲ್ಲಿ 31 ಸ್ಯಾಂಪಲ್‌ಗಳಿಗೆ ಅದೇ ದಿನದ ಕರ್ವ್ ಇದೆ; ಮರುಲೆಕ್ಕ ಮಾಡಿ ಜುಲೈ 25ಕ್ಕೆ ತೋರಿಸುತ್ತೇನೆ. ಉಳಿದ 15ಕ್ಕೆ ಏಪ್ರಿಲ್‌ನ ಸ್ಲೋಪ್ ಬಳಸಿದ್ದರಿಂದ ಅವನ್ನು ಉಳಿಸಿಕೊಳ್ಳಲಾಗದು. 48 ಗಂಟೆ ಮೀರಿರುವುದರಿಂದ ಬಾಟಲಿಗಳನ್ನು ಮತ್ತೆ ಓದಲೂ ಆಗದು.
>
> ತಾವು ತೀರ್ಮಾನಿಸಬೇಕಾದದ್ದು:
>
> ಒಂದು, ಆ 15 ಬಾವಿಗಳ ಮುಂಗಾರು ಪೂರ್ವ ಅಂಕಿಗಳನ್ನು ಈ ವರ್ಷ ಬಿಟ್ಟು ಮುಂದಿನ ಮೇ ತಿಂಗಳಲ್ಲಿ ಹೊಸದಾಗಿ ತೆಗೆದುಕೊಳ್ಳುವುದೇ, ಅಥವಾ ಕೋಷ್ಟಕದಲ್ಲಿ ಖಾಲಿ ಬಿಡುವುದೇ? ಮೇ ತಿಂಗಳೇ ಸರಿ ಎಂದು ನನ್ನ ಅನಿಸಿಕೆ.
>
> ಎರಡು, ಮುಂಗಾರು ಸ್ಯಾಂಪಲ್‌ಗಳಿಗೆ ಲ್ಯಾಂಪ್ ಬರುವವರೆಗೆ ಕ್ಯಾಡ್ಮಿಯಂ ವಿಧಾನ (543) ಬಳಸಲು ಅನುಮತಿ.
>
> ಲ್ಯಾಂಪ್ ಇಂಡೆಂಟ್ ಸ್ಟೋರ್ಸ್‌ಗೆ ಕೊಟ್ಟಿದ್ದೇನೆ. ತಮ್ಮ ಸಹಿ ಬೇಕಿದೆ. ಲ್ಯಾಂಪ್ ಆಗಸ್ಟ್ 8ರೊಳಗೆ ಬಂದು ಚೆಕ್ ಪಾಸಾದರೆ ಆ ವಾರದಿಂದಲೇ 220ರಲ್ಲಿ ಕೆಲಸ ಶುರು. ಲ್ಯಾಂಪ್ ಬದಲಿಸಿದರೂ ಕ್ಲೋರೈಡ್ 2.0 ದಾಟದಿದ್ದರೆ ಒಳಗಿನ ಕನ್ನಡಿಗಳನ್ನು ಸರ್ವಿಸ್ ಇಂಜಿನಿಯರ್ ನೋಡಬೇಕಾಗುತ್ತದೆ. ಆಗ ಸೆಪ್ಟೆಂಬರ್ ಮೊದಲ ವಾರ.
>
> ಚೆಕ್‌ನ ಪ್ರಿಂಟ್, ಚೆಕ್ ಸ್ಟ್ಯಾಂಡರ್ಡ್‌ಗಳ ಪಟ್ಟಿ ಮತ್ತು 15 ಬಾವಿಗಳ ಸಂಖ್ಯೆ ಲಗತ್ತಿಸಿದ್ದೇನೆ.
>
> ತಮ್ಮ ವಿಧೇಯ ವಿದ್ಯಾರ್ಥಿ

ಪತ್ರದಲ್ಲಿ ಕ್ಷಮೆ ಕೇಳಿಲ್ಲ, ಗಮನಿಸಿ. ಲ್ಯಾಂಪ್‌ಗೆ ವಯಸ್ಸಾದದ್ದಕ್ಕೆ ನೀವು ಕ್ಷಮೆ ಕೇಳಬೇಕಾಗಿಲ್ಲ. ಏಪ್ರಿಲ್‌ನ ಸ್ಲೋಪನ್ನು ಜೂನ್‌ನಲ್ಲಿ ಬಳಸಿದ್ದು ಮಾತ್ರ ನಿಮ್ಮ ಕಡೆಯದು, ಅದು ಪತ್ರದಲ್ಲಿ ಒಂದು ವಾಕ್ಯವಾಗಿ ಬಂದಿದೆ, ಅಷ್ಟೇ ಇರಲಿ. ಲ್ಯಾಬ್ ಅಸಿಸ್ಟೆಂಟ್ ಲಾಗ್‌ಬುಕ್ ಬರೆದಿರಲಿಲ್ಲ, ಕಂಪನಿಯವರು ಫೋನ್ ಎತ್ತಲಿಲ್ಲ ಎಂಬ ದೂರು ಇದ್ದರೆ ಬಾಯಿಮಾತಿನಲ್ಲಿ ಹೇಳಿ. ಈ ಪತ್ರ ಇಲಾಖೆಯ ಫೈಲಿಗೆ ಹೋಗುತ್ತದೆ.

ಹೊಸ ಲ್ಯಾಂಪ್ ಹಾಕುವಾಗ ಮಷಿನ್ ಬಂದ್ ಮಾಡಿ, ಹಳೆಯದು ತಣ್ಣಗಾದ ಮೇಲೆ ತೆಗೆಯಿರಿ. ಹೊಸದರ ಗಾಜಿಗೆ ಬರಿಗೈ ತಾಗಿಸಬೇಡಿ, ಬೆರಳಿನ ಜಿಡ್ಡು ಸುಟ್ಟು ಕಲೆಯಾಗಿ ಯುವಿ ಬೆಳಕಿಗೇ ಅಡ್ಡವಾಗುತ್ತದೆ. ಗಂಟೆಯ ಲೆಕ್ಕ ಸೊನ್ನೆಗೆ ತಂದು, ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಬೇಸ್‌ಲೈನ್ ಹೊಸದಾಗಿ ತೆಗೆದು, ಆಮೇಲೆ ಕ್ಲೋರೈಡ್, ಅಯೋಡೈಡ್, ಡೈಕ್ರೋಮೇಟ್, ಹೋಲ್ಮಿಯಂ ನಾಲ್ಕನ್ನೂ ಮತ್ತೆ ಮಾಡಿ. ಆ ಪ್ರಿಂಟ್‌ಗಳನ್ನು ಜುಲೈ 14ರದರ ಪಕ್ಕದಲ್ಲೇ ಲಾಗ್‌ಬುಕ್‌ಗೆ ಅಂಟಿಸಿ, ಒಂದು ಪ್ರತಿ ಗೈಡ್‌ಗೆ ಕಳಿಸಿ.